ಆಗ ಮಾಲಿಕರ ವಯಸ್ಸು ಎಷ್ಟಿತ್ತು?

ಪ್ರಶ್ನೆ: ಸರ್, ನಾನು ಬಂಟ್ವಾಳ ಕಡೆಯವಳು, ಇತಿಹಾಸ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ‘ಓರಿಯಂಟಲಿಸಂ ಮತ್ತು ಮುಸ್ಲಿಂ ವಿದ್ವಾಂಸರ ಉತ್ತರ’ ಎಂಬುದು ನನ್ನ ಪ್ರಬಂಧದ ವಿಷಯ. ಪ್ರವಾದಿ ಮುಹಮ್ಮದರ ಮಾತು, ನಡೆಗಳ ವರದಿಗಳಾದ ಹದೀಸ್‌ಗಳೆಲ್ಲ ನೂರಾರು ವರ್ಷಗಳ ನಂತರ ಹುಟ್ಟಿದವು ಎಂದು ಜರ್ಮನ್ ಮೂಲದ ವಿದ್ವಾಂಸ ಜೋಸೆಫ್ ಶಾಖ್ಟ್ 1950ರಲ್ಲೇ ತೋರಿಸಿಕೊಟ್ಟಾಗಿದೆ, ಉಳಿದದ್ದೆಲ್ಲ ಭಕ್ತರ ಸಮರ್ಥನೆ ಎನ್ನುತ್ತಾರೆ ನನ್ನ ಮಾರ್ಗದರ್ಶಕರು. ನಮ್ಮ ಮಾವ ಮದ್ರಸದಲ್ಲಿ ಉಸ್ತಾದ್. ಈ ಪಾಶ್ಚಾತ್ಯ ವಿದ್ವಾಂಸರೆಲ್ಲ ಮಿಷನರಿಗಳು, ಭಾರತದ ಹದೀಸ್ ವಿದ್ವಾಂಸ ಆಝಮಿಯವರು ಇವರ ಬಾಯಿ ಮುಚ್ಚಿಸಿ ಆಯಿತು ಎನ್ನುತ್ತಾರೆ ಅವರು. ಎರಡೂ ಕಡೆ ಓದಿದಷ್ಟೂ ಗೊಂದಲ. ಅರೇಬಿಕ್ ಅಕ್ಷರ ಕೂಡಿಸಿ ಓದಬಲ್ಲೆ, ಉರ್ದು ಚೆನ್ನಾಗಿ ಬರುತ್ತದೆ. ಯಾರನ್ನು ನಂಬಲಿ, ಎಲ್ಲಿಂದ ಹಿಡಿಯಲಿ?

ಉತ್ತರ: ಮೊದಲು ಆ ‘ಎರಡು ಕಡೆ’ಯನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ಈ ವಿಷಯ ಹಿಡಿದ ವಿದ್ಯಾರ್ಥಿಗಳಲ್ಲಿ ಅನೇಕರು ‘ಓರಿಯಂಟಲಿಸಂ’ ಎಂಬ ಗ್ರಂಥ ಬರೆದ ಎಡ್ವರ್ಡ್ ಸಯೀದರನ್ನು ಮುಸ್ಲಿಂ ವಿದ್ವಾಂಸರ ಪಟ್ಟಿಯ ತಲೆಗೇ ಬರೆದುಬಿಡುತ್ತಾರೆ. ಅವರು ಪ್ಯಾಲೆಸ್ತೀನಿನ ಕ್ರೈಸ್ತ ಮನೆತನದವರು. ಅವರ ಆ ಗ್ರಂಥಕ್ಕಿಂತ 15 ವರ್ಷ ಮೊದಲೇ, 1963ರಲ್ಲಿ, ಪ್ರಾಚ್ಯವಿದ್ಯೆ, ಅಂದರೆ ಪಾಶ್ಚಾತ್ಯರು ನಡೆಸುವ ಪೂರ್ವದೇಶಗಳ ಅಧ್ಯಯನ, ಬಿಕ್ಕಟ್ಟಿನಲ್ಲಿದೆ ಎಂದು ಬರೆದ ಅನ್ವರ್ ಅಬ್ದುಲ್ ಮಲಿಕ್ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು. ಅದೇ ವರ್ಷ ಇಂಗ್ಲಿಷ್ ಬರೆಯುವ ಪ್ರಾಚ್ಯವಿದ್ವಾಂಸರನ್ನು ವಿಮರ್ಶಿಸಿದ ಎ. ಎಲ್. ತಿಬಾವಿ ಮಾತ್ರ ಮುಸ್ಲಿಮರು. ಇನ್ನು ನಿಮ್ಮ ಮಾವ ಹೇಳುವ ಆಝಮಿಯವರು ಪಿಎಚ್.ಡಿ. ಪಡೆದದ್ದು 1966ರಲ್ಲಿ, ಕೇಂಬ್ರಿಜ್‌ನಲ್ಲಿ. ಅದು ಪುಸ್ತಕವಾಗಿ ಬಂದಾಗ ಮುನ್ನುಡಿ ಬರೆದವರು ಎ. ಜೆ. ಆರ್ಬೆರಿ ಎಂಬ ಇಂಗ್ಲಿಷ್ ಪ್ರಾಚ್ಯವಿದ್ವಾಂಸರು. ಇತ್ತ ಪಾಕಿಸ್ತಾನದ ಫಝ್ಲುರ್ರಹಮಾನ್ ಶಾಖ್ಟ್ ಹೇಳಿದ್ದರಲ್ಲಿ ಸಾಕಷ್ಟನ್ನು ಒಪ್ಪಿಕೊಂಡರು, ಆದರೆ ಅದರಿಂದ ಶಾಖ್ಟ್ ತೆಗೆದ ತೀರ್ಮಾನವನ್ನು ಒಪ್ಪಲಿಲ್ಲ.

‘ಎಲ್ಲರೂ ಮಿಷನರಿಗಳು’ ಎಂಬ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ನಮ್ಮ ಉತ್ತರ ಭಾರತದಲ್ಲೇ ಅಧಿಕಾರಿಯಾಗಿದ್ದ ವಿಲಿಯಂ ಮ್ಯೂರ್ ಪ್ರವಾದಿಯವರ ಜೀವನಚರಿತ್ರೆ ಬರೆಯಲು ಕೈಹಾಕಿದ್ದು ಫಾಂಡರ್ ಎಂಬ ಪಾದ್ರಿಯ ಒತ್ತಾಸೆಯಿಂದ. ಅದಕ್ಕೆ ಉತ್ತರ ಬರೆಯಲೆಂದೇ ಸರ್ ಸಯ್ಯದ್ ಅಹ್ಮದ್ ಖಾನರು ಲಂಡನ್ನಿನಲ್ಲಿ ಪುಸ್ತಕ ಹುಡುಕುತ್ತ ಕೂತು, 1870ರಲ್ಲಿ ತಮ್ಮ ಪ್ರಬಂಧಗಳನ್ನು ಅಲ್ಲೇ ಅಚ್ಚು ಹಾಕಿಸಿದರು. ಆದರೆ ಆ ಹಣೆಪಟ್ಟಿ ಎಲ್ಲರಿಗೂ ಅಂಟುವುದಿಲ್ಲ. ಹದೀಸ್ ಬಗ್ಗೆ 1890ರಲ್ಲಿ ಶಂಕೆಯ ಬಾಗಿಲು ತೆರೆದ ಗೋಲ್ಡ್‌ಜಿಹರ್ ಹಂಗೇರಿಯ ಯಹೂದಿ, ಕೈರೋದ ಅಲ್-ಅಝ್ಹರ್‌ನಲ್ಲಿ ಶೇಖ್‌ಗಳ ಮುಂದೆ ಕೂತು ಪಾಠ ಕೇಳಿದವರು. ಶಾಖ್ಟ್ ನಾಜಿ ಆಡಳಿತದ ಕಾಲದಲ್ಲಿ ಜರ್ಮನಿ ಬಿಟ್ಟು ಹೊರಟು, ಕೈರೋದಲ್ಲಿ ಪಾಠ ಹೇಳಿದವರು. ಬರೆದವನ ಉದ್ದೇಶ ಕೆಟ್ಟದ್ದಾಗಿದ್ದರೂ ಅವನ ಲೆಕ್ಕ ಸರಿಯಿರಬಹುದು, ಉದ್ದೇಶ ಒಳ್ಳೆಯದಿದ್ದರೂ ಲೆಕ್ಕ ತಪ್ಪಿರಬಹುದು. ಹಾಗಾಗಿ ನಾನು ಲೆಕ್ಕವನ್ನೇ ತೆರೆದು ನೋಡುತ್ತೇನೆ. ಒಂದೇ ಒಂದು ಲೆಕ್ಕ ಸಾಕು.

ಒಂದು ಹದೀಸ್‌ನಲ್ಲಿ ಎರಡು ಭಾಗ ಇರುತ್ತದೆ ಎಂಬುದು ನಿಮಗೆ ಗೊತ್ತು: ಯಾರಿಂದ ಯಾರು ಕೇಳಿದರು ಎಂಬ ಹೆಸರುಗಳ ಸರಪಳಿ, ಅಂದರೆ ಸನದ್, ಮತ್ತು ಹೇಳಿದ ಮಾತು, ಅಂದರೆ ಮತ್ನ್. ಸನದ್‌ಗಳ ಲೋಕದಲ್ಲಿ ‘ಚಿನ್ನದ ಸರಪಳಿ’ ಎಂದು ಹೆಸರಾದದ್ದು ಮಾಲಿಕ್, ಅವರಿಗೆ ಹೇಳಿದ ನಾಫಿ, ನಾಫಿಗೆ ಹೇಳಿದ ಇಬ್ನ್ ಉಮರ್ ಎಂಬುದು. ಇಬ್ನ್ ಉಮರ್ ಎರಡನೇ ಖಲೀಫರ ಮಗ, ಪ್ರವಾದಿಯವರನ್ನು ಕಂಡವರು. ನಾಫಿ ಅವರ ಗುಲಾಮರಾಗಿದ್ದು ಬಿಡುಗಡೆ ಪಡೆದವರು. ಮಾಲಿಕ್ ಮದೀನದ ಇಮಾಮರು, ‘ಮುವತ್ತ’ ಎಂಬ ಹದೀಸ್ ಮತ್ತು ಕಾನೂನಿನ ಗ್ರಂಥದ ಸಂಕಲನಕಾರರು. ಹೆಸರಾಂತ ಹದೀಸ್ ಸಂಗ್ರಹಕಾರ ಬುಖಾರಿಯವರು ಎಲ್ಲ ಸರಪಳಿಗಳಿಗಿಂತ ಇದನ್ನು ಮೇಲಿಟ್ಟರು ಎಂದು ಪರಂಪರೆ ಹೇಳುತ್ತದೆ.

ಶಾಖ್ಟ್ ಕೈಯಿಟ್ಟದ್ದು ಇದರ ಮೇಲೆ. ಅವರ ಮೂಲ ವಾದ ಹೀಗಿದೆ: ಕಾನೂನಿನ ಹದೀಸ್‌ಗಳು ಹಿಜರಿ ಎರಡನೇ ಶತಮಾನದ ವಾದವಿವಾದಗಳ ನಡುವೆ ರೂಪುಗೊಂಡವು, ಆಮೇಲೆ ಅವಕ್ಕೆ ಹಿಂದಕ್ಕೆ ಹಿಂದಕ್ಕೆ ಸರಪಳಿ ಬೆಳೆಸಲಾಯಿತು. ಸರಪಳಿ ಎಷ್ಟು ಚೆನ್ನಾಗಿ ಕಾಣುತ್ತದೆಯೋ ಅಷ್ಟು ತಡವಾಗಿ ಹುಟ್ಟಿದ್ದು. ಯಜಮಾನನಿಂದ ಗುಲಾಮ, ತಂದೆಯಿಂದ ಮಗ ಎಂಬಂತಹ ಮನೆಯೊಳಗಿನ ಸರಪಳಿಗಳ ಮೇಲಂತೂ ಅವರಿಗೆ ಹೆಚ್ಚಿನ ಸಂಶಯ. ನಾಫಿ ಮತ್ತು ಮಾಲಿಕ್ ವಿಷಯಕ್ಕೆ ಬಂದಾಗ ಅವರು ಇಸವಿಯ ಆಧಾರ ಕೊಟ್ಟರು. ನಾಫಿ ತೀರಿಕೊಂಡದ್ದು ಹಿಜರಿ 117ರ ಆಸುಪಾಸು. ಮಾಲಿಕ್ ತೀರಿಕೊಂಡದ್ದು 179ರಲ್ಲಿ. ನಡುವೆ 62 ವರ್ಷ. ಆದ್ದರಿಂದ ಎಷ್ಟೇ ಉದಾರವಾಗಿ ಎಣಿಸಿದರೂ ನಾಫಿ ಬದುಕಿದ್ದಾಗ ಮಾಲಿಕ್ ಇನ್ನೂ ಹುಡುಗನೇ, ನಾಫಿಯಿಂದ ಅವರು ಏನು ಕಲಿತಾರು ಎಂದರು. ಹಾಗಾದರೆ ನಾಫಿ ಹೆಸರಿನಲ್ಲಿ ಓಡಾಡುತ್ತಿದ್ದ ಯಾವುದೋ ಬರಹವನ್ನು ಮಾಲಿಕ್ ಆಮೇಲೆ ಎತ್ತಿಕೊಂಡಿರಬಹುದಲ್ಲವೇ ಎಂಬುದು ಅವರ ಮುಂದಿನ ಪ್ರಶ್ನೆ.

ಇಲ್ಲಿ ಸ್ವಲ್ಪ ನಿಂತು, ನಿಮ್ಮ ಮಾರ್ಗದರ್ಶಕರನ್ನೂ ನಿಲ್ಲಿಸಿ, ಒಂದು ಮಾತು ಕೇಳಿ. ಒಬ್ಬರ ಸಾವಿನ ವರ್ಷ, ಇನ್ನೊಬ್ಬರ ಸಾವಿನ ವರ್ಷ ಎರಡನ್ನೇ ಇಟ್ಟುಕೊಂಡು ಅವರು ಭೇಟಿಯಾದಾಗಿನ ವಯಸ್ಸು ಹೇಳಲು ಆಗುತ್ತದೆಯೇ? ಹುಟ್ಟಿದ ವರ್ಷ ಬೇಡವೇ?

ಆಝಮಿಯವರು ಹಿಡಿದದ್ದು ಇದನ್ನೇ. 1985ರಲ್ಲಿ ಶಾಖ್ಟ್ ಪುಸ್ತಕವನ್ನೇ ಗುರಿಯಾಗಿಟ್ಟುಕೊಂಡು ಬರೆದ ಗ್ರಂಥದಲ್ಲಿ ಅವರು ಜೀವನಕೋಶಗಳನ್ನು ತೆರೆದು ತೋರಿಸಿದರು: ಮಾಲಿಕರು ಹುಟ್ಟಿದ್ದು ಹಿಜರಿ 93ರಲ್ಲಿ ಎಂಬುದು ಹೆಚ್ಚಿನವರ ಹೇಳಿಕೆ. ಒಂದೆರಡು ವರ್ಷ ಆಚೀಚೆ ಹೇಳುವವರೂ ಇದ್ದಾರೆ. 117ರಿಂದ 93 ಕಳೆಯಿರಿ, 24 ವರ್ಷ. ಹುಟ್ಟಿದ ವರ್ಷವನ್ನು ಮೂರು ನಾಲ್ಕು ವರ್ಷ ಮುಂದೆ ತಳ್ಳಿದರೂ 20. ಇಬ್ಬರೂ ಇದ್ದದ್ದು ಒಂದೇ ಊರು, ಮದೀನ. 24ರ ಯುವಕ ತನ್ನ ಊರಿನ ಹಿರಿಯರ ಬಳಿ ಹೋಗಿ ಪಾಠ ಕೇಳುವುದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ಈ ಉತ್ತರ ಗಟ್ಟಿಯಾಗಿದೆ. ಆದರೆ ಎಷ್ಟು ದೂರದವರೆಗೆ ಗಟ್ಟಿ ಎಂಬುದನ್ನು ನೀವು ಪ್ರಬಂಧದಲ್ಲಿ ಬರೆಯಬೇಕು, ಅಂಕಗಳು ಇರುವುದು ಅಲ್ಲೇ. ಶಾಖ್ಟ್ ಜನ್ಮವರ್ಷವನ್ನು ಮರೆತಿರಲಿಲ್ಲ, ನಂಬಿರಲಿಲ್ಲ. ಮಾಲಿಕರ ಹುಟ್ಟಿನ ವರ್ಷದ ಬಗ್ಗೆ ಖಚಿತವಾದದ್ದು ಏನೂ ಇಲ್ಲ ಎಂಬುದು ಅವರ ನಿಲುವು. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ದೊಡ್ಡವರು ಸತ್ತಾಗ ಊರೇ ಗಮನಿಸುತ್ತದೆ, ಹುಟ್ಟಿದಾಗ ಅವರು ದೊಡ್ಡವರಾಗುತ್ತಾರೆ ಎಂದು ಯಾರಿಗೆ ಗೊತ್ತು? ಆ ಕಾಲದ ಜೀವನಕೋಶಗಳಲ್ಲಿ ಸಾವಿನ ವರ್ಷಕ್ಕಿಂತ ಹುಟ್ಟಿದ ವರ್ಷ ಸಡಿಲ ಎಂಬುದು ನಿಜ. ನಮ್ಮ ಅಜ್ಜ ಅಜ್ಜಿಯರ ಶಾಲಾ ದಾಖಲೆಗಳಲ್ಲಿ ಜೂನ್ ಒಂದರಂದು ಹುಟ್ಟಿದವರೇ ತುಂಬಿರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಜನ್ಮವರ್ಷ ಗೊತ್ತಿಲ್ಲ ಎಂದ ಮೇಲೆ ‘ಹುಡುಗನಾಗಿದ್ದ’ ಎನ್ನಲೂ ಬರುವುದಿಲ್ಲವಲ್ಲ! ಗೊತ್ತಿಲ್ಲ ಎಂದು ಕೈಬಿಟ್ಟದ್ದನ್ನೇ ಅವರು ತಮಗೆ ಬೇಕಾದ ಕಡೆಗೆ ವಾಲಿಸಿಕೊಂಡರು. ನನ್ನ ಲೆಕ್ಕದಲ್ಲಿ ಈ ಸುತ್ತು ಆಝಮಿಯವರದು.

ಆದರೆ ಗೆದ್ದದ್ದು ಏನು? ಮಾಲಿಕರು ನಾಫಿಯಿಂದ ಕಲಿತಿರಲು ಸಾಧ್ಯವಿತ್ತು ಎಂಬುದು ಸಿದ್ಧವಾಯಿತು. ಕಲಿತರು ಎಂಬುದು ಇನ್ನೂ ಸಿದ್ಧವಾಗಿಲ್ಲ. ಮಾವನಿಗೆ ಇದನ್ನು ಹೇಳುವಾಗ ಮೆಲ್ಲಗೆ ಹೇಳಿ.

ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. 1993ರಲ್ಲಿ ಯೈನ್‌ಬೋಲ್ ಎಂಬ ಡಚ್ ವಿದ್ವಾಂಸರು ಶಾಖ್ಟ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ನಾಫಿ ಎಂಬ ಗುರುವನ್ನು ಕಟ್ಟಿದ್ದೇ ಮಾಲಿಕರು ಎಂಬ ಧಾಟಿಯಲ್ಲಿ ಬರೆದರು. 1996ರಲ್ಲಿ ಹರಾಲ್ಡ್ ಮೋಟ್ಸ್‌ಕಿ ಎಂಬ ಜರ್ಮನ್ ವಿದ್ವಾಂಸರು ಅದನ್ನು ಬಿಚ್ಚಿಟ್ಟರು. ಗಮನಿಸಿ, ಇಬ್ಬರೂ ಪಾಶ್ಚಾತ್ಯರು, ಇಬ್ಬರೂ ಮುಸ್ಲಿಮರಲ್ಲ. ಇಬ್ಬರೂ ಎಳೆದಾಡಿದ ಹದೀಸ್ ನಿಮ್ಮ ಮನೆಯಲ್ಲೇ ಇದೆ: ಫಿತ್ರ್ ಝಕಾತ್‌ನದು. ರಂಝಾನ್ ಮುಗಿಯುವ ಹೊತ್ತಿಗೆ ನಿಮ್ಮ ಕಡೆ ಮನೆಯ ಒಬ್ಬೊಬ್ಬರ ತಲೆಗೆ ಹಳೆಯ ಅರಬ್ ಅಳತೆಯ ಒಂದು ಸಾಅ್‌ನಂತೆ ಅಕ್ಕಿ ಅಳೆದು ಕೊಡುತ್ತಾರಲ್ಲ, ಆ ಲೆಕ್ಕ ಬಂದದ್ದು ಅಲ್ಲಿಂದ. ಅರಬ್ ನಾಡಿನ ಖರ್ಜೂರದ ಜಾಗಕ್ಕೆ ಇಲ್ಲಿ ಅಕ್ಕಿ ಬಂದಿದೆ, ಅಷ್ಟೆ.

ಈಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಒಂದೇ ಹದೀಸನ್ನು ನಾಫಿಯಿಂದ ಕೇಳಿದೆವು ಎನ್ನುವ ಮೂವರನ್ನು ಬರೆಯಿರಿ. ಮೊದಲನೆಯವರು ಮಾಲಿಕ್. ಅವರ ಪಾಠ, ಅಂದರೆ ಅವರು ಹೇಳುವ ಪಠ್ಯರೂಪ, ಹೀಗಿದೆ: ಪ್ರವಾದಿಯವರು ರಂಝಾನಿನ ಫಿತ್ರ್ ಝಕಾತನ್ನು ಖರ್ಜೂರದ ಒಂದು ಸಾಅ್ ಅಥವಾ ಬಾರ್ಲಿಯ ಒಂದು ಸಾಅ್ ಎಂದು, ಸ್ವತಂತ್ರನಿರಲಿ ಗುಲಾಮನಿರಲಿ, ಗಂಡಿರಲಿ ಹೆಣ್ಣಿರಲಿ, ‘ಮುಸ್ಲಿಮರ ಪೈಕಿ’ ಪ್ರತಿಯೊಬ್ಬರ ಮೇಲೂ ಕಡ್ಡಾಯಗೊಳಿಸಿದರು. ಎರಡನೆಯವರು ಮದೀನದ ಉಬೈದುಲ್ಲಾ. ಬುಖಾರಿಯಲ್ಲಿರುವ ಅವರ ಪಾಠದಲ್ಲಿ ಚಿಕ್ಕವರು ದೊಡ್ಡವರು, ಸ್ವತಂತ್ರರು ಗುಲಾಮರು ಎಂದಿದೆ. ಮೂರನೆಯವರು ಅಯ್ಯೂಬ್, ಇವರು ದೂರದ ಬಸ್ರಾದವರು. ಅವರ ಪಾಠಕ್ಕೆ ಒಂದು ಬಾಲ ಇದೆ: ಆಮೇಲೆ ಜನರು ಇದಕ್ಕೆ ಅರ್ಧ ಸಾಅ್ ಗೋಧಿಯನ್ನು ಸಮ ಎಂದು ಹಿಡಿದರು, ಇಬ್ನ್ ಉಮರ್ ಮಾತ್ರ ಖರ್ಜೂರವನ್ನೇ ಕೊಡುತ್ತಿದ್ದರು, ಒಮ್ಮೆ ಮದೀನದಲ್ಲಿ ಖರ್ಜೂರಕ್ಕೆ ಬರ ಬಂದಾಗ ಬಾರ್ಲಿ ಕೊಟ್ಟರು ಎಂದು.

ಮೂರನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಉಬೈದುಲ್ಲಾ ಮತ್ತು ಅಯ್ಯೂಬರ ಹೆಸರಿನಲ್ಲಿ ಬೇರೆ ಯಾರೋ ಆಮೇಲೆ ಮಾಲಿಕರ ಪಾಠವನ್ನೇ ನಕಲು ಹೊಡೆದು ಹೊಸ ಸರಪಳಿ ಹಾಕಿದ್ದರೆ, ಮಾಲಿಕರ ಮಾತುಗಳು ಹೆಚ್ಚುಕಡಿಮೆ ಹಾಗೇ ಉಳಿಯಬೇಕಿತ್ತು. ಪರೀಕ್ಷೆಯಲ್ಲಿ ನಕಲು ಹೊಡೆದವರ ಉತ್ತರಪತ್ರಿಕೆಗಳು ಒಂದೇ ತಪ್ಪು ಮಾಡುತ್ತವೆ, ಮೌಲ್ಯಮಾಪನ ಮಾಡಿದವರಿಗೆ ಗೊತ್ತು. ಇಲ್ಲಿ ತಿರುಳು ಒಂದೇ, ಆದರೆ ಒಬ್ಬೊಬ್ಬರ ಪಾಠಕ್ಕೂ ತನ್ನದೇ ಗುರುತು ಇದೆ. ಅಯ್ಯೂಬರ ಆ ಖರ್ಜೂರದ ಬರ ಮಾಲಿಕರ ಪಾಠದಲ್ಲಿ ಇಲ್ಲ. ಮಾಲಿಕರ ‘ಮುಸ್ಲಿಮರ ಪೈಕಿ’ ಅಯ್ಯೂಬರಲ್ಲಿ ಇಲ್ಲ. ಒಬ್ಬರನ್ನೊಬ್ಬರು ನೋಡಿ ಬರೆಯದವರು ಒಂದೇ ತಿರುಳನ್ನು ಹೇಳುತ್ತಿದ್ದಾರೆ ಎಂದಾದರೆ ಅವರೆಲ್ಲ ಕೇಳಿದ್ದು ಒಬ್ಬನೇ ಮನುಷ್ಯನಿಂದ. ಸರಪಳಿಗಳು ಬಂದು ಸೇರುವ ಆ ಗಂಟೇ ನಾಫಿ. ಸನದ್ ಮತ್ತು ಮತ್ನ್ ಎರಡನ್ನೂ ಒಟ್ಟಿಗೆ ತೂಗುವ ಈ ಕ್ರಮದಿಂದ ಮೋಟ್ಸ್‌ಕಿ ಹೇಳಿದ್ದು: ನಾಫಿ ಕಟ್ಟುಕಥೆಯಲ್ಲ, ಈ ಹದೀಸ್ ಅವರ ಕಾಲದಲ್ಲೇ ಚಲಾವಣೆಯಲ್ಲಿತ್ತು.

ನನಗೆ ಈ ಇಡೀ ಪ್ರಸಂಗದಲ್ಲಿ ಹೆಚ್ಚು ಇಷ್ಟವಾದದ್ದು ಬೇರೆಯೇ ಒಂದಿದೆ. ‘ಮುಸ್ಲಿಮರ ಪೈಕಿ’ ಎಂಬ ಆ ಒಂದು ಮಾತು ಮಾಲಿಕರಲ್ಲಿ ಇದೆ, ಅಯ್ಯೂಬ್, ಉಬೈದುಲ್ಲಾ ಮೊದಲಾದವರಲ್ಲಿ ಇಲ್ಲ ಎಂಬುದನ್ನು ಮೊದಲು ಕಂಡುಹಿಡಿದವರು ಯುರೋಪಿನವರಲ್ಲ. ಹಿಜರಿ 279ರಲ್ಲಿ ತೀರಿಕೊಂಡ ಹದೀಸ್ ಸಂಗ್ರಹಕಾರ ತಿರ್ಮಿದಿಯವರು ಇದನ್ನು ಬರೆದಿಟ್ಟಿದ್ದಾರೆ. ನಂಬಿಕಸ್ಥನೊಬ್ಬ ಉಳಿದವರಿಗಿಂತ ಒಂದು ಮಾತು ಹೆಚ್ಚಾಗಿ ಹೇಳಿದರೆ ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉದಾಹರಣೆಯೇ ಇದು. ನಂತರದವರು ಬಿಡಲಿಲ್ಲ. ಮಾಲಿಕ್ ಒಬ್ಬರೇ ಅಲ್ಲ, ನಾಫಿಯವರ ಮಗ ಉಮರ್ ಕೂಡ ಆ ಮಾತನ್ನು ಹೇಳಿದ್ದಾರೆ ಎಂದು ತೋರಿಸಿ ತಿರ್ಮಿದಿಯವರನ್ನೇ ತಿದ್ದಿದರು. ಇದು ಪದದ ಹಠವೂ ಅಲ್ಲ. ಮುಸ್ಲಿಮನಲ್ಲದ ಗುಲಾಮನ ಪರವಾಗಿ ಯಜಮಾನ ಫಿತ್ರ್ ಕೊಡಬೇಕೇ ಎಂಬುದು ಆ ಮಾತಿನ ಮೇಲೆ ನಿಂತಿತ್ತು. ಮಾಲಿಕಿ, ಶಾಫಿ ಪಂಥದವರು ಬೇಡ ಎಂದರು, ಹನಫಿಗಳು ಬೇಕು ಎಂದರು. ಮುಸ್ಲಿಂ ವಿದ್ವಾಂಸರು ಸರಪಳಿಯ ಹೆಸರುಗಳನ್ನು ಮಾತ್ರ ನೋಡಿದರು, ಪಠ್ಯದ ಪರೀಕ್ಷೆ ಮಾಡಲಿಲ್ಲ ಎಂಬ ಮಾತನ್ನು ನಿಮ್ಮ ಪ್ರಬಂಧದಲ್ಲಿ ಎಲ್ಲಾದರೂ ಬರೆದಿದ್ದರೆ ಅಲ್ಲೇ ಹೊಡೆದುಹಾಕಿ.

ಇನ್ನೊಂದು ಸಂಗತಿ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಮೋಟ್ಸ್‌ಕಿ ತಮ್ಮ ಮುಖ್ಯ ಸಂಶೋಧನೆಯನ್ನು ಕಟ್ಟಿದ್ದು ಅಬ್ದುರ್ರಝಾಕರ ‘ಮುಸನ್ನಫ್’ ಎಂಬ ಹಳೆಯ ಸಂಕಲನದ ಮೇಲೆ. ಶಾಖ್ಟ್ ಬರೆಯುವಾಗ ಅದು ಅಚ್ಚಾಗಿರಲಿಲ್ಲ. 1970ರಿಂದ ಮುಂದೆ 11 ಸಂಪುಟಗಳಲ್ಲಿ ಬೈರೂತ್‌ನಿಂದ ಬಂತು. ಹಸ್ತಪ್ರತಿಗಳನ್ನು ಕೂಡಿಸಿ ಸಂಪಾದಿಸಿದವರು ಉತ್ತರ ಪ್ರದೇಶದ ಮವು ಊರಿನ ಮೌಲಾನಾ ಹಬೀಬುರ್ರಹಮಾನ್ ಆಝಮಿ. ಶಾಖ್ಟ್‌ಗೆ ಉತ್ತರ ಬರೆದ ಮುಹಮ್ಮದ್ ಮುಸ್ತಫಾ ಆಝಮಿಯೂ ಅದೇ ಮವುವಿನವರು. ಆಗ ಆ ಊರು ಆಝಂಗಢ ಜಿಲ್ಲೆಯಲ್ಲಿದ್ದುದರಿಂದ ಇಬ್ಬರಿಗೂ ಆ ಅಡ್ಡಹೆಸರು. ಇಬ್ಬರನ್ನೂ ಒಬ್ಬರೇ ಎಂದು ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ನೀವು ಆ ಗುಂಪಿಗೆ ಸೇರಬೇಡಿ.

ಈಗ ಮುಸ್ತಫಾ ಆಝಮಿಯವರ ಬಲಹೀನತೆ. ಹಿಜರಿ ಒಂದನೇ ಶತಮಾನದಲ್ಲೇ ಹದೀಸನ್ನು ಬರೆದಿಡುತ್ತಿದ್ದರು ಎಂದು ತೋರಿಸಲು ಅವರು ಬರೆದಿಟ್ಟವರ ಉದ್ದನೆಯ ಪಟ್ಟಿ ಕೊಡುತ್ತಾರೆ. ಪಟ್ಟಿಯ ಬಹುಪಾಲು ಆಧಾರ ಸಿಗುವುದು ನೂರಿನ್ನೂರು ವರ್ಷ ನಂತರದ ಜೀವನಕೋಶಗಳಲ್ಲಿ, ‘ಇಂಥವರ ಬಳಿ ಒಂದು ಬರಹ ಇತ್ತು’ ಎಂಬ ವರದಿಗಳಲ್ಲಿ. ಆ ವರದಿಗಳಿಗೂ ಸರಪಳಿಯೇ ಆಧಾರ. ಸರಪಳಿ ನಂಬಬಹುದೇ ಎಂಬ ಪ್ರಶ್ನೆಗೆ ಸರಪಳಿಯನ್ನೇ ಸಾಕ್ಷಿ ಕರೆದ ಹಾಗಾಯಿತು. ಅನುಮಾನಿಸುವವನು ಇದರಿಂದ ಕದಲುವುದಿಲ್ಲ. ಮೂರು ಪಾಠಗಳನ್ನು ಹೋಲಿಸುವ ದಾರಿ ಅವನನ್ನೂ ಕದಲಿಸುತ್ತದೆ, ಏಕೆಂದರೆ ಅಲ್ಲಿ ಯಾರ ಪ್ರಾಮಾಣಿಕತೆಯನ್ನೂ ಮೊದಲೇ ಒಪ್ಪಿಕೊಳ್ಳಬೇಕಾಗಿಲ್ಲ.

ಆದರೆ ಆ ದಾರಿಗೂ ಕೊನೆಯಿದೆ. ಅದು ನಿಮ್ಮನ್ನು ನಾಫಿವರೆಗೆ ಕರೆದೊಯ್ಯುತ್ತದೆ. ಪ್ರವಾದಿಯವರು ತೀರಿಕೊಂಡದ್ದು ಹಿಜರಿ 11ರಲ್ಲಿ, ಇಬ್ನ್ ಉಮರ್ 73ರ ಸುಮಾರಿಗೆ. ನಾಫಿಯಿಂದ ಅವರವರೆಗೆ ಹೋಗುವುದು ಒಂದೇ ಎಳೆ. ಹೋಲಿಸಲು ಎರಡನೆಯದಿಲ್ಲ. ಆ ಎಳೆಯನ್ನು ಪರಂಪರೆ ದಾಟುವುದು ನಾಫಿಯ ನಡತೆ, ನೆನಪು ಎರಡರ ಮೇಲೂ ಇಟ್ಟ ವಿಶ್ವಾಸದಿಂದ. ಇತಿಹಾಸಕಾರ ಅಲ್ಲಿ ‘ಸಾಧ್ಯ’ ಎಂದು ಬರೆದು ನಿಲ್ಲುತ್ತಾನೆ. ನೀವು ಮನೆಯಲ್ಲಿ ದಾಟಿ, ಪ್ರಬಂಧದಲ್ಲಿ ನಿಂತರೆ ಅದರಲ್ಲಿ ಮೋಸವೇನೂ ಇಲ್ಲ. ಯಾವ ಪುಟದಲ್ಲಿ ಯಾವ ಟೋಪಿ ಹಾಕಿದ್ದೀರಿ ಎಂಬುದು ಓದುವವರಿಗೆ ತಿಳಿದರೆ ಸಾಕು.

ಇನ್ನು ಪ್ರಬಂಧದ ಮಾತು. ಈಗಿನ ಶೀರ್ಷಿಕೆಯನ್ನೇ ಇಟ್ಟುಕೊಂಡರೆ ಮ್ಯೂರ್‌ನಿಂದ ಸಯೀದ್‌ವರೆಗೆ ಎಲ್ಲರಿಗೂ ಎರಡೆರಡು ಪುಟ ಬರುತ್ತದೆ, ಅದೂ ಬೇರೆಯವರು ಮಾಡಿದ ಸಾರಾಂಶದ ಸಾರಾಂಶ. ಸುಲಭ, ಆದರೆ ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ‘ಶಾಖ್ಟ್ ಇದನ್ನು ಎಲ್ಲಿ ಹೇಳಿದ್ದಾರೆ?’ ಎಂದು ಕೇಳಿದರೆ ಕಷ್ಟ. ಇನ್ನೊಂದು ತುದಿಗೆ ಹೋಗಿ, ಹೊಸದೊಂದು ಹದೀಸ್ ಹಿಡಿದು ನೀವೇ ಮೋಟ್ಸ್‌ಕಿಯಂತೆ ಬಿಡಿಸುವುದು ಈ ಅರೇಬಿಕ್‌ನಲ್ಲಿ, ಇಷ್ಟು ಸಮಯದಲ್ಲಿ ಆಗದ ಕೆಲಸ. ಅನುವಾದಗಳನ್ನು ನೆಚ್ಚಿಕೊಂಡು ಹೊರಟರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತೀರಿ. ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಇದೇ ಫಿತ್ರ್ ಹದೀಸಿನ ಕೋಷ್ಟಕ ಮಾಡಿ ತಂದ. ಎಲ್ಲ ಪಾಠಗಳಲ್ಲೂ ‘ಪ್ರತಿಯೊಬ್ಬ ಮುಸ್ಲಿಮನ ಮೇಲೆ’ ಎಂದೇ ಇತ್ತು. ಅನುವಾದಕರು ಓದುಗರ ಅನುಕೂಲಕ್ಕೆ ಆ ಮಾತನ್ನು ಇಲ್ಲದ ಕಡೆಯೂ ತುಂಬಿದ್ದರು. ಅವನು ಹುಡುಕಬೇಕಾಗಿದ್ದ ವ್ಯತ್ಯಾಸವೇ ಮಾಯವಾಗಿತ್ತು.

ನಾನಾದರೆ ನಡುವಿನ ದಾರಿ ಹಿಡಿಯುತ್ತೇನೆ: ಶಾಖ್ಟ್–ಆಝಮಿ ವಾದದಿಂದ ಎರಡೇ ಅಂಶ. ಒಂದು, ಮೇಲಿನ ನಾಫಿ–ಮಾಲಿಕ್ ಲೆಕ್ಕ. ಇನ್ನೊಂದು, ಮೌನದ ವಾದ: ವಾದಕ್ಕೆ ಬೇಕಾದ ಹೊತ್ತಿನಲ್ಲಿ ಒಂದು ಹದೀಸನ್ನು ಯಾರೂ ಉಲ್ಲೇಖಿಸದಿದ್ದರೆ ಅದು ಆಗ ಹುಟ್ಟಿಯೇ ಇರಲಿಲ್ಲ ಎಂಬ ಶಾಖ್ಟ್ ನಿಯಮ. ಇದಕ್ಕೆ ಝಫರ್ ಇಸ್ಹಾಕ್ ಅನ್ಸಾರಿಯವರ ಉತ್ತರ ಓದಿ. ಮಾಲಿಕರ ಮುವತ್ತದಲ್ಲಿರುವ ಹಲವು ಹದೀಸ್‌ಗಳು ಅವರ ಶಿಷ್ಯ ಶೈಬಾನಿಯವರ ಮುವತ್ತದಲ್ಲಿ ಇಲ್ಲ. ಹಿಂದಿನ ಪುಸ್ತಕದಲ್ಲಿದ್ದದ್ದು ನಂತರದ ಪುಸ್ತಕದಲ್ಲಿ ಬಿಟ್ಟುಹೋಗುತ್ತದೆ ಎಂದಾದರೆ ಮೌನವೊಂದೇ ಏನನ್ನೂ ಸಾಬೀತು ಮಾಡದು. ಆದರೆ ಎರಡು ಪಕ್ಷಗಳು ಎದುರುಬದುರು ವಾದಿಸುವಾಗ ಕಾಣುವ ಮೌನಕ್ಕೆ ಸಂಕಲನದಲ್ಲಿ ಕಾಣುವ ಮೌನಕ್ಕಿಂತ ತೂಕ ಹೆಚ್ಚು. ಅನ್ಸಾರಿಯವರ ಉದಾಹರಣೆಗಳಲ್ಲಿ ಯಾವುದು ಯಾವ ಬಗೆಯದು ಎಂದು ಬೇರ್ಪಡಿಸುವ ಕೆಲಸ ನಿಮ್ಮದಾಗಲಿ.

ಕೆಲಸದ ಕ್ರಮ ಹೀಗಿರಲಿ. ಶಾಖ್ಟ್ ವಾಕ್ಯವನ್ನು ಆಝಮಿಯವರ ಪುಸ್ತಕದಿಂದ ಎತ್ತಬೇಡಿ, ಶಾಖ್ಟ್ ಪುಸ್ತಕದಲ್ಲೇ ಓದಿ, ಅಡಿಟಿಪ್ಪಣಿ ಸಮೇತ. ಆಝಮಿಯವರ ಮಾತನ್ನೂ ಹಾಗೆಯೇ. ಎರಡರ ಅಡಿಟಿಪ್ಪಣಿಗಳೂ ಕರೆಯುವ ಮೂಲ ಪುಟವನ್ನು ಮುವತ್ತದಲ್ಲಿ ತೆರೆಯಿರಿ, ಅದಕ್ಕೆ ಉರ್ದು ಅನುವಾದ ಇದೆ. ಕಷ್ಟವಾದ ಕಡೆ ಅರೇಬಿಕ್ ಸಾಲನ್ನು ಬೆರಳಿಟ್ಟು ಓದಿಸಲು ಮಾವ ಮನೆಯಲ್ಲೇ ಇದ್ದಾರೆ. ಮುವತ್ತ ಕೈಗೆ ತೆಗೆದುಕೊಳ್ಳುವಾಗ ಅದು ಯಾರ ಪಾಠ ಎಂದು ಮುಖಪುಟದಲ್ಲಿ ನೋಡಿ. ಸಾಮಾನ್ಯವಾಗಿ ಸಿಗುವುದು ಮಾಲಿಕರ ಇನ್ನೊಬ್ಬ ಶಿಷ್ಯ ಯಹ್ಯಾ ಅವರದು, ಶೈಬಾನಿಯವರದು ಬೇರೆ, ಪುಟಸಂಖ್ಯೆ ಹೊಂದುವುದಿಲ್ಲ. ಮೊದಲ ದಿನವೇ ಮಾವನ ಬಳಿ ಫಿತ್ರ್‌ನ ಅಧ್ಯಾಯ ತೆರೆಸಿ, ‘ಮಿನಲ್ ಮುಸ್ಲಿಮೀನ್’, ಅಂದರೆ ಆ ‘ಮುಸ್ಲಿಮರ ಪೈಕಿ’, ಎಂಬುದು ಯಾರ ಪಾಠದಲ್ಲಿ ಇದೆ, ಯಾರ ಪಾಠದಲ್ಲಿ ಇಲ್ಲ ಎಂದು ಕೇಳಿ. ತಿರ್ಮಿದಿಯವರ ಹೆಸರನ್ನು ಅವರೇ ಹೇಳಿದರೂ ಆಶ್ಚರ್ಯವಿಲ್ಲ.